ಮೂರನೆಯ ತರಗತಿಯಲ್ಲಿ ಉಪವಾಸದ ಪಾಠ



2025ರ ಪಂಚಾಂಗವನ್ನೊಮ್ಮೆ ನೆನಪಿಗೆ ತಂದುಕೊಳ್ಳಿ. ಆ ವರ್ಷ ಫೆಬ್ರವರಿ 26ರಂದು ಮಹಾಶಿವರಾತ್ರಿ. ಮಾರ್ಚ್ 2ರಿಂದ ರಂಜಾನ್ ತಿಂಗಳ ರೋಜಾ. ಮಾರ್ಚ್ 5ರಂದು ಕ್ರೈಸ್ತರ ಬೂದಿ ಬುಧವಾರ. ಅಲ್ಲಿಂದ ಈಸ್ಟರ್ ಹಬ್ಬದವರೆಗೆ ಅವರ ತಪಸ್ಸು ಕಾಲ. ಮಾರ್ಚ್ 10ರಂದು ಏಕಾದಶಿ. ಹದಿಮೂರು ದಿನಗಳ ಒಳಗೆ ನಾಲ್ಕು ಬಗೆಯ ಉಪವಾಸಗಳು ನಮ್ಮ ಊರುಗಳ ಮನೆಗಳಿಗೆ ಬಂದವು. ಆದವಾನಿ, ಆಲೂರು, ಕೋಸಿಗಿ, ಕೌತಾಳ, ಹೊಳಗುಂದಿ ಭಾಗದ ಯಾವ ಶಾಲೆಯಲ್ಲಾದರೂ ಈ ನಾಲ್ಕರಲ್ಲಿ ಎರಡು ಮೂರು ಬಗೆಯ ಮನೆಗಳ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಮಧ್ಯಾಹ್ನದ ಊಟ ಮಾಡುತ್ತಾರೆ. ಒಂದು ದಿನ ಆ ಸಾಲಿನಲ್ಲಿ ಒಬ್ಬರು ತಟ್ಟೆ ಹಿಡಿಯದಿದ್ದರೆ ಪಕ್ಕದ ಮಗು ‘ಯಾಕೆ?’ ಎಂದು ಕೇಳದೆ ಇರುವುದಿಲ್ಲ. ಉತ್ತರವನ್ನು ನಾವು ಕೊಡದಿದ್ದರೆ ಯಾರೋ ಕೊಡುತ್ತಾರೆ, ಅದು ಸರಿಯಾದ ಉತ್ತರವೇ ಆಗಿರಬೇಕೆಂದಿಲ್ಲ.

ಆದ್ದರಿಂದಲೇ ಮೂರನೆಯ ತರಗತಿಗೆ, ನಲವತ್ತು ನಿಮಿಷದ ಒಂದೇ ಅವಧಿಯಲ್ಲಿ ಮುಗಿಯುವ ಪಾಠಯೋಜನೆಯೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಶಿಕ್ಷಕರಿಗಷ್ಟೇ ಸಂಬಂಧಿಸಿದ ವಿಷಯವನ್ನು ಪಾಲಕರ ಮುಂದೇಕೆ ಇಡಬೇಕು ಎಂದು ತಾವು ಕೇಳಬಹುದು. ಈ ಪಾಠದ ಅರ್ಧ ಸಾಮಗ್ರಿ ತಮ್ಮ ಮನೆಯಿಂದ ಬರಬೇಕಾಗಿದೆ, ಮತ್ತು ಪಾಠ ಮುಗಿದ ಸಂಜೆ ಮಗು ಕೇಳುವ ಪ್ರಶ್ನೆಗೆ ಉತ್ತರಿಸಬೇಕಾದವರು ತಾವೇ. ಅದಕ್ಕಾಗಿ.

ಮೊದಲು ಒಂದು ಸಂದೇಹವನ್ನು ಬಗೆಹರಿಸಿಕೊಳ್ಳೋಣ. ಸರ್ಕಾರಿ ಶಾಲೆಯಲ್ಲಿ ಧರ್ಮದ ಮಾತು ಎತ್ತಬಹುದೇ? ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಆದರೆ ಒಂದು ಧರ್ಮವನ್ನು ಆಚರಿಸಲು ಕಲಿಸುವುದು ಬೇರೆ, ಧರ್ಮಗಳ ಕುರಿತು ತಿಳಿಸುವುದು ಬೇರೆ. 2002ರಲ್ಲಿ ಅರುಣಾ ರಾಯ್ ಅವರ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಧರ್ಮಗಳ ಕುರಿತ ಶಿಕ್ಷಣಕ್ಕೆ 28ನೆಯ ವಿಧಿ ಅಡ್ಡಿಯಲ್ಲ ಎಂಬ ಅಭಿಪ್ರಾಯ ಕೊಟ್ಟಿದೆ. ‘ರೋಜಾ ಇರುವವರು ಸೂರ್ಯ ಮುಳುಗುವವರೆಗೆ ನೀರು ಕುಡಿಯುವುದಿಲ್ಲ’ ಎಂದು ತಿಳಿಸುವುದು ಪಾಠ. ‘ನೀವೂ ಇರಿ’ ಎಂದರೆ ಬೋಧನೆ. ಈ ಗೆರೆಯನ್ನು ಶಿಕ್ಷಕರು ದಾಟಬಾರದು, ದಾಟಿದರೆ ತಾವು ಬಂದು ಕೇಳಬೇಕು.

ಬಿ.ಇಡಿ. ತರಬೇತಿಯಲ್ಲಿ ನಮಗೆ ಪಾಠಯೋಜನೆಯ ಮೊದಲ ಸಾಲಿನಲ್ಲಿ ಉದ್ದೇಶ ಬರೆಯಲು ಕಲಿಸುತ್ತಾರೆ. ಈ ಪಾಠದ ಉದ್ದೇಶ ಚಿಕ್ಕದು. ಪಾಠದ ಕೊನೆಗೆ ಮಗು ಯಾವುದೇ ಉಪವಾಸದ ಕುರಿತು ಮೂರು ಪ್ರಶ್ನೆ ಕೇಳಲು ಕಲಿತಿರಬೇಕು. ಯಾವಾಗ ಶುರು, ಯಾವಾಗ ಮುಗಿಯುತ್ತದೆ? ಏನನ್ನು ಬಿಡುತ್ತಾರೆ, ಏನನ್ನು ತಿನ್ನಬಹುದು? ಯಾರು ಇರಬೇಕಾಗಿಲ್ಲ? ‘ಏಕೆ ಇರುತ್ತಾರೆ’ ಎಂಬ ನಾಲ್ಕನೆಯ ಪ್ರಶ್ನೆಯನ್ನು ಬೇಕೆಂದೇ ಹೊರಗಿಟ್ಟಿದ್ದೇವೆ. ಎಂಟು ವರ್ಷದ ಮಗುವಿನ ಎದುರು ಅದಕ್ಕೆ ಉತ್ತರ ಹೇಳಹೊರಟರೆ ಶಿಕ್ಷಕರು ತಮಗೆ ಗೊತ್ತಿರುವ ಒಂದು ಧರ್ಮದ ಉತ್ತರವನ್ನೇ ಎಲ್ಲಕ್ಕೂ ಹಚ್ಚುವ ಅಪಾಯವಿದೆ. ಆ ಪ್ರಶ್ನೆಗೆ ಸರಿಯಾದ ಜಾಗ ಮನೆ.

ಪಾಠದ ಹಿಂದಿನ ದಿನ ಮಕ್ಕಳ ಕೈಯಲ್ಲಿ ಒಂದು ಚೀಟಿ ಬರುತ್ತದೆ. ಅದರಲ್ಲಿ ಇವೇ ಮೂರು ಪ್ರಶ್ನೆಗಳಿರುತ್ತವೆ. ಮನೆಯ ಹಿರಿಯರನ್ನು ಕೇಳಿ, ಅವರ ಮಾತಿನಲ್ಲೇ, ಬಂದ ಭಾಷೆಯಲ್ಲೇ ಬರೆದುಕೊಂಡು ಬರಲಿ. ಓದು ಬಾರದ ಮನೆಯಲ್ಲಿ ಅಜ್ಜಿ ಹೇಳಿದ್ದನ್ನು ಮಗು ನೆನಪಿಟ್ಟುಕೊಂಡು ಬಂದರೂ ಸಾಕು. ಚೀಟಿಯಲ್ಲಿ ಜಾತಿ, ಧರ್ಮ, ಹೆಸರು ಕೇಳಿರುವುದಿಲ್ಲ. ‘ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲ’ ಎಂಬುದೂ ಪೂರ್ಣ ಉತ್ತರವೇ, ಅದಕ್ಕೆ ಬೇರೆ ಉತ್ತರಗಳಷ್ಟೇ ಬೆಲೆ.

ಈ ಚೀಟಿಗಳಲ್ಲಿ ಬರುವ ಶಬ್ದಗಳೇ ಪಾಠದ ಮೊದಲ ಐದು ನಿಮಿಷ. ಉಪವಾಸ, ಒಪ್ಪತ್ತು, ರೋಜಾ ಎಂಬ ಮೂರೂ ಬರುತ್ತವೆ. ತೆಲುಗು ಮಾತಾಡುವ ಮನೆಯಿಂದ ‘ಒಕ್ಕಪೊದ್ದು’ ಬರುತ್ತದೆ. ಎಲ್ಲವನ್ನೂ ಹಲಗೆಯ ಮೇಲೆ ಬರೆಯಬೇಕು. ಹಳಗನ್ನಡದ ‘ಪೊೞ್ತು’ ನಮ್ಮ ಬಾಯಲ್ಲಿ ‘ಹೊತ್ತು’ ಆಗಿದೆ. ತೆಲುಗಿನಲ್ಲಿ ಅದು ‘ಪೊದ್ದು’. ಒಂದು ಹೊತ್ತು ಮಾತ್ರ ಉಂಡರೆ ಒಪ್ಪತ್ತು, ಒಕ್ಕಪೊದ್ದು. ರೋಜಾವನ್ನೇ ಒಕ್ಕಪೊದ್ದು ಎಂದು ಕರೆಯುವ ತೆಲುಗು ಮನೆಗಳೂ ನಮ್ಮ ಸೀಮೆಯಲ್ಲಿವೆ. ಎರಡು ಭಾಷೆಯ ಒಂದೇ ಶಬ್ದ ಎರಡು ಧರ್ಮದ ಮನೆಗಳಲ್ಲಿ ಓಡಾಡುತ್ತಿದೆ ಎಂಬುದನ್ನು ಮಕ್ಕಳು ಹಲಗೆಯ ಮೇಲೆ ತಾವೇ ಕಾಣುತ್ತಾರೆ. ನಾವು ಅದರ ಮೇಲೆ ಉಪನ್ಯಾಸ ಕೊಡಬೇಕಾಗಿಲ್ಲ.

ಎರಡನೆಯ ಹಂತವೇ ಪಾಠದ ಅತಿ ಸೂಕ್ಷ್ಮವಾದ ಭಾಗ. ಹಸಿವು ಬೇರೆ, ಉಪವಾಸ ಬೇರೆ ಎಂದು ಮಕ್ಕಳಿಗೆ ತಿಳಿಯಬೇಕು. ‘ನಿನ್ನೆ ರಾತ್ರಿ ಎಷ್ಟು ಗಂಟೆಗೆ ಉಂಡಿರಿ, ಇವತ್ತು ಎಷ್ಟಕ್ಕೆ ತಿಂದಿರಿ’ ಎಂದು ಲೆಕ್ಕ ಹಾಕಿಸಿದರೆ ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ 11 ಗಂಟೆ ಎಲ್ಲರ ಹೊಟ್ಟೆಯೂ ಖಾಲಿ ಇತ್ತೆಂದು ಗೊತ್ತಾಗುತ್ತದೆ. ಅದು ಉಪವಾಸವೇ? ಅಲ್ಲ, ನಿದ್ದೆ. ಹಾಗಾದರೆ ಅಡಿಗೆ ಮನೆಯಲ್ಲಿ ಅಕ್ಕಿಯೇ ಇಲ್ಲದೆ ಊಟ ತಪ್ಪಿದರೆ? ಅದೂ ಉಪವಾಸವಲ್ಲ. ಊಟ ಇದ್ದೂ, ತಾನಾಗಿ, ಗೊತ್ತು ಮಾಡಿಕೊಂಡ ಹೊತ್ತಿನವರೆಗೆ ಬಿಡುವುದು ಉಪವಾಸ. ಊಟ ಸಿಗದೆ ಇರುವುದು ಹಸಿವು.

ಈ ವ್ಯತ್ಯಾಸವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೋಸಿಗಿ, ಕೌತಾಳ, ಪೆದ್ದಕಡುಬೂರು, ಮಂತ್ರಾಲಯ ಮಂಡಲಗಳಿಂದ ಎಷ್ಟು ಸಂಸಾರಗಳು ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ವಲಸೆ ಹೋಗುತ್ತವೆಂಬುದು ತಮಗೆ ಗೊತ್ತಿದ್ದದ್ದೇ. ಅಂಥ ಮನೆಯ ಹುಡುಗಿಯೊಬ್ಬಳು ಎದ್ದು, ‘ಸಾರ್, ನಮ್ಮಮ್ಮ ಮೊನ್ನೆ ನಮಗೆ ಬಡಿಸಿ ತಾನು ಉಣ್ಣಲಿಲ್ಲ, ಅದು ಒಪ್ಪತ್ತೇನು?’ ಎಂದು ಕೇಳಬಹುದು. ಶಿಕ್ಷಕರು ಅಲ್ಲಿ ತಡವರಿಸಬಾರದು, ಮೆಚ್ಚುಗೆಯ ಮಾತು ಆಡಿ ಹಾರಿಸಲೂಬಾರದು. ‘ಇಲ್ಲಮ್ಮ, ಅದು ಒಪ್ಪತ್ತಲ್ಲ. ನಿಮ್ಮಮ್ಮನಿಗೆ ಊಟ ಸಿಗಬೇಕಾಗಿತ್ತು’ ಎಂದು ಹೇಳಿ, ಮಧ್ಯಾಹ್ನ ಆ ಮಗುವಿನ ತಟ್ಟೆ ತುಂಬಿದೆಯೇ ಎಂದು ನೋಡಿ, ಮನೆಯವರೊಡನೆ ಬೇರೆಯಾಗಿ ಮಾತಾಡಬೇಕು. ಹಸಿವನ್ನು ವ್ರತದ ಹೆಸರಿನಲ್ಲಿ ಹೊಗಳಿದರೆ ಆ ಮಗು ಮುಂದೆ ಹಸಿದಾಗ ಬಾಯಿ ಬಿಡುವುದಿಲ್ಲ.

ಮೂರನೆಯ ಹಂತಕ್ಕೆ ಹದಿನೈದು ನಿಮಿಷ. ಹಲಗೆಯ ಮೇಲೆ ಉದ್ದಕ್ಕೆ 24 ಚೌಕಗಳ ಪಟ್ಟಿ, ಒಂದು ಚೌಕಕ್ಕೆ ಒಂದು ಗಂಟೆ, ನಡುರಾತ್ರಿಯಿಂದ ನಡುರಾತ್ರಿಗೆ. ಮಕ್ಕಳಿಗೂ ಇದೇ ಪಟ್ಟಿ ಪುಸ್ತಕದಲ್ಲಿ ಬರೆಸಬೇಕು. ಏನೂ ತಿನ್ನದ, ಕುಡಿಯದ ಹೊತ್ತಿಗೆ ಕೆಂಪು ಬಣ್ಣ. ಹಣ್ಣು, ಹಾಲು ಮಾತ್ರ ಇರುವ ಹೊತ್ತಿಗೆ ಹಳದಿ.

ರೋಜಾದ ಪಟ್ಟಿ ಎಲ್ಲಕ್ಕಿಂತ ಸುಲಭ, ಅದರಿಂದಲೇ ಶುರುಮಾಡಬೇಕು. ಮಾರ್ಚ್ ಮೊದಲ ವಾರದಲ್ಲಿ ಆದವಾನಿಯಲ್ಲಿ ಸಹರಿ ಮುಗಿಯುವುದು ಬೆಳಗಿನ ಐದೂವರೆಯ ಆಸುಪಾಸು, ಇಫ್ತಾರ್ ಸಂಜೆ ಆರೂವರೆಯ ಆಸುಪಾಸು. ಮಕ್ಕಳು ಎಣಿಸಿದರೆ ಕೆಂಪು ಚೌಕ ಸುಮಾರು 13. ಉಳಿದ 11 ಗಂಟೆ ಊಟಕ್ಕೆ ಅಡ್ಡಿಯಿಲ್ಲ. ‘ರಂಜಾನಿನಲ್ಲಿ ತಿಂಗಳೆಲ್ಲ ಉಣ್ಣುವುದಿಲ್ಲ’ ಎಂದು ನಂಬಿದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರ ತಪ್ಪು ತಿಳಿವಳಿಕೆ ಪಟ್ಟಿ ನೋಡಿದ ಕೂಡಲೇ ಹೋಗುತ್ತದೆ.

ಶಿವರಾತ್ರಿಯ ಪಟ್ಟಿ ಹಗಲಿನಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಶುರುವಾಗಿ, ರಾತ್ರಿ ಜಾಗರಣೆ ದಾಟಿ, ಮರುದಿನ ಬೆಳಗಿನ ಪೂಜೆಯವರೆಗೆ ಹೋಗುತ್ತದೆ. ಅದಕ್ಕಾಗಿ ಇನ್ನೊಂದು ಪಟ್ಟಿ ಅಂಟಿಸಬೇಕು. ಆದರೆ ಬಣ್ಣ ಹೆಚ್ಚಾಗಿ ಹಳದಿ: ಹಾಲು, ಬಾಳೆಹಣ್ಣು, ಗೆಣಸು, ಕಲ್ಲಂಗಡಿ, ಖರ್ಜೂರ. ನಿರಾಹಾರ ಇರುವ ಮನೆಯ ಮಗು ಕೆಂಪು ಬಳಿಯಲಿ. ಇಲ್ಲಿ ಯಾವುದಾದರೂ ಮಗು ‘ಖರ್ಜೂರ ಇಫ್ತಾರಿಗೂ ಇಡ್ತಾರಲ್ಲ ಸಾರ್’ ಎನ್ನುತ್ತದೆ. ಆ ಎರಡು ವಾರ ಬಜಾರಿನ ಒಂದೇ ಬಂಡಿಯ ಖರ್ಜೂರವನ್ನು ಎರಡೂ ಮನೆಯವರು ಕೊಂಡೊಯ್ಯುತ್ತಾರೆ.

ಏಕಾದಶಿಯನ್ನು ಮಂತ್ರಾಲಯ ಸೀಮೆಯ ಮಕ್ಕಳಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಕಟ್ಟುನಿಟ್ಟಿನ ಮಾಧ್ವ ಮನೆಗಳಲ್ಲಿ ಹಿಂದಿನ ದಿನ ದಶಮಿಗೆ ಒಪ್ಪತ್ತು, ಏಕಾದಶಿಗೆ ನೀರೂ ಇಲ್ಲ, ದ್ವಾದಶಿಯ ಬೆಳಿಗ್ಗೆ ಪಾರಣೆ. ದಶಮಿಯ ಮಧ್ಯಾಹ್ನ 1ಕ್ಕೆ ಉಂಡವರು ದ್ವಾದಶಿಯ ಬೆಳಿಗ್ಗೆ 7ಕ್ಕೆ ಉಂಡರೆ ನಡುವೆ 42 ಗಂಟೆ. ಇದಕ್ಕೆ ಮೂರು ಪಟ್ಟಿ ಬೇಕು. ಬೇರೆ ಮನೆಗಳಲ್ಲಿ ಅದೇ ಏಕಾದಶಿಗೆ ಅನ್ನವನ್ನಷ್ಟೇ ಬಿಟ್ಟು ಅವಲಕ್ಕಿ, ಹಣ್ಣು ತಿನ್ನುತ್ತಾರೆ. ಒಂದೇ ಹೆಸರಿನ ಉಪವಾಸಕ್ಕೆ ಮನೆಯಿಂದ ಮನೆಗೆ ಬೇರೆ ಬಣ್ಣ ಬರಬಹುದು ಎಂಬುದು ಇಲ್ಲಿ ತಿಳಿಯುತ್ತದೆ.

ಕ್ರೈಸ್ತರ ತಪಸ್ಸು ಕಾಲಕ್ಕೆ ಗಂಟೆಯ ಪಟ್ಟಿ ಹೆಚ್ಚು ಉಪಯೋಗಕ್ಕೆ ಬಾರದು. ಅಲ್ಲಿ ಎಣಿಸಬೇಕಾದದ್ದು ದಿನಗಳನ್ನು. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ 46 ದಿನ. ನಡುವೆ ಬರುವ 6 ಭಾನುವಾರ ಕಳೆದರೆ 40. ಕ್ಯಾಥೊಲಿಕರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಉಪವಾಸದ ನಿಯಮವಿದೆ: ಒಂದೇ ಪೂರ್ಣ ಊಟ, ಮಾಂಸ ಇಲ್ಲ. ಉಳಿದ ದಿನಗಳಲ್ಲಿ ಒಬ್ಬರು ಮಾಂಸ ಬಿಡುತ್ತಾರೆ, ಒಬ್ಬರು ಚಹ ಬಿಡುತ್ತಾರೆ. ಹಸಿವಿಲ್ಲದೆಯೂ ‘ಬಿಡುವುದು’ ಇದೆ ಎಂದು ಮಗುವಿಗೆ ಗೊತ್ತಾಗುವುದು ಇಲ್ಲಿಂದ. ಬಿಡುವ ಪಟ್ಟಿಯಲ್ಲಿ ಊಟವಲ್ಲದ್ದೂ ಇದೆ ಎಂದು ಇಲ್ಲೇ ಸೇರಿಸಬಹುದು. ಸುಳ್ಳು ಬಿಡದವನು ಊಟ ಬಿಟ್ಟು ಫಲವಿಲ್ಲ ಎಂಬ ಅರ್ಥದ ಮಾತು ಪ್ರವಾದಿಯವರ ಹೇಳಿಕೆಗಳಲ್ಲಿದೆ. ಚೀಟಿಯಲ್ಲಿ ‘ಅವತ್ತು ಬೈಯಬಾರದು’ ಎಂದು ಬರೆಸಿ ಕಳಿಸುವ ಅಜ್ಜಿಯರು ಎಲ್ಲ ಮನೆಗಳಲ್ಲೂ ಇದ್ದಾರೆ.

ಪಾಠ ಕೆಡುವುದು ಸಾಮಾನ್ಯವಾಗಿ ಈ ಹಂತದಲ್ಲೇ. ಪಟ್ಟಿಗಳು ಪಕ್ಕಪಕ್ಕ ನಿಂತ ಕೂಡಲೇ ಮಕ್ಕಳು ಪಂದ್ಯ ಕಟ್ಟುತ್ತಾರೆ. ‘ನಾವು ನೀರೂ ಕುಡಿಯಲ್ಲ, ನೀವು ಹಣ್ಣು ತಿಂತೀರಿ, ನಿಮ್ಮದು ಸುಳ್ಳು ಉಪವಾಸ’ ಎಂದು ಒಬ್ಬ, ‘ನಮ್ಮದು 42 ಗಂಟೆ, ನಿಮ್ಮದು 13’ ಎಂದು ಇನ್ನೊಬ್ಬ. ಗದರಿಸಿದರೆ ಪಂದ್ಯ ಮೈದಾನಕ್ಕೆ ಹೋಗುತ್ತದೆ, ನಿಲ್ಲುವುದಿಲ್ಲ. ‘ಕಬಡ್ಡಿಯಲ್ಲಿ ಉಸಿರು ಬಿಡಬಾರದು, ಖೊಖೊದಲ್ಲಿ ಬಿಡಬಹುದು. ಹಾಗಾದರೆ ಖೊಖೊ ಸುಳ್ಳು ಆಟವೇ?’ ಎಂದು ಕೇಳಬೇಕು. ಒಂದರ ನಿಯಮದಿಂದ ಇನ್ನೊಂದನ್ನು ಅಳೆಯುವುದಿಲ್ಲ ಎಂಬುದು ಆಟವಾಡುವ ಮಕ್ಕಳಿಗೆ ಬೇಗ ತಿಳಿಯುತ್ತದೆ. ಈ ಕಾರಣಕ್ಕಾಗಿಯೇ ತರಗತಿಯಲ್ಲಿ ‘ಯಾರು ಯಾರು ಉಪವಾಸ ಇರುತ್ತೀರಿ, ಕೈ ಎತ್ತಿ’ ಎಂಬ ಪ್ರಶ್ನೆಯನ್ನು ಕೇಳಲೇಬಾರದು. ಕೈ ಎತ್ತಿದವರಿಗೆ ಬಡಾಯಿ, ಎತ್ತದವರಿಗೆ ನಾಚಿಕೆ, ಮರುದಿನ ಊಟ ಬಿಟ್ಟು ಬರುವ ನಾಲ್ಕು ಮಕ್ಕಳು: ಆ ಪ್ರಶ್ನೆಯ ಫಲ ಇಷ್ಟೇ. ಉಪವಾಸದಿಂದ ದೇಹಕ್ಕೆ ಒಳ್ಳೆಯದು ಎಂಬ ಮಾತನ್ನೂ ಈ ವಯಸ್ಸಿನ ಮಕ್ಕಳ ಮುಂದೆ ಎತ್ತುವುದು ಬೇಡ. ಬೆಳೆಯುವ ದೇಹಕ್ಕೆ ಬೇಕಾದದ್ದು ಊಟ.

ನಾಲ್ಕನೆಯ ಹಂತ, ‘ಯಾರು ಇರಬೇಕಾಗಿಲ್ಲ?’ ಇದನ್ನು ಬೇಕೆಂದೇ ಕೊನೆಗಿಟ್ಟಿದ್ದೇವೆ, ಮನೆಗೆ ಹೋಗುವಾಗ ಮಗುವಿನ ತಲೆಯಲ್ಲಿ ಉಳಿಯಬೇಕಾದದ್ದು ಇದೇ ಆದ್ದರಿಂದ. ರೋಜಾ ಕಡ್ಡಾಯವಾಗುವುದು ಪ್ರಾಯಕ್ಕೆ ಬಂದ ಮೇಲೆ. ರೋಗಿಗಳೂ ಪ್ರಯಾಣದಲ್ಲಿರುವವರೂ ಬೇರೆ ದಿನ ತೀರಿಸಬಹುದೆಂದು ಕುರಾನಿನಲ್ಲೇ ಇದೆ. ಬಸುರಿಯರಿಗೂ ಎದೆಹಾಲು ಕೊಡುವ ತಾಯಂದಿರಿಗೂ ವಿನಾಯಿತಿ ಉಂಟು. ಕ್ಯಾಥೊಲಿಕರ ಉಪವಾಸ ನಿಯಮ ಅನ್ವಯಿಸುವುದು 18 ತುಂಬಿದವರಿಗೆ, ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಶಿವರಾತ್ರಿಗೆ ಚಿಕ್ಕ ಮಕ್ಕಳು ಉಂಡರೆ ಯಾವ ಮನೆಯಲ್ಲೂ ತಪ್ಪೆನ್ನುವುದಿಲ್ಲ. ಏಕಾದಶಿಗೆ ಮಾತ್ರ ಎಂಟು ವರ್ಷ ದಾಟಿದವರಿಂದ ಎಂಬತ್ತರ ಒಳಗಿನವರವರೆಗೆ ಎಂಬ ಶಾಸ್ತ್ರದ ಮಾತಿದೆ, ನಮ್ಮ ಮೂರನೆಯ ತರಗತಿಯ ಮಕ್ಕಳಿಗೆ ಸರಿಯಾಗಿ ಎಂಟು. ಆದರೆ ಮಕ್ಕಳಿಗೆ, ಮುದುಕರಿಗೆ, ಕಾಯಿಲೆಯವರಿಗೆ ಹಾಲು ಹಣ್ಣು ಕೊಡುವ ರೂಢಿ ಆ ಮನೆಗಳಲ್ಲೂ ಉಂಟು. ‘ಹಾಗಾದರೆ ನಾನು?’ ಎಂದು ಮಗು ಕೇಳಿದರೆ ಶಿಕ್ಷಕರ ಉತ್ತರ ಒಂದೇ: ‘ನೀನು ಶಾಲೆಯಲ್ಲಿ ಊಟ ಮಾಡಬಹುದು. ನಿಮ್ಮ ಮನೆಯ ಪದ್ಧತಿಯನ್ನು ಅಮ್ಮ ಅಪ್ಪನನ್ನು ಕೇಳು.’

ಹೀಗೆಂದ ಮಾತ್ರಕ್ಕೆ ಮಕ್ಕಳು ಉಪವಾಸ ಇರುವುದೇ ಇಲ್ಲ ಎಂದಲ್ಲ. ಏಳೆಂಟು ವರ್ಷದ ಮಗುವಿಗೆ ಮೊದಲ ರೋಜಾ ಇಡಿಸಿ, ಹೊಸ ಬಟ್ಟೆ ತೊಡಿಸಿ, ಹೂಮಾಲೆ ಹಾಕಿ, ಬಂಧುಗಳನ್ನು ಇಫ್ತಾರಿಗೆ ಕರೆಯುವ ಸಂಭ್ರಮ ದಖ್ಖನ್ನಿನ ಮುಸ್ಲಿಂ ಮನೆಗಳಲ್ಲಿದೆ. ಅದು ಮನೆಯವರ ಸಂತೋಷ, ಅದರಲ್ಲಿ ಶಾಲೆ ಕೈ ಹಾಕುವುದಿಲ್ಲ. ತಮ್ಮಲ್ಲಿ ನಮ್ಮ ಬಿನ್ನಹ ಇಷ್ಟೇ. ಆ ದಿನ ರಜಾ ದಿನವಾಗಿದ್ದರೆ ಒಳ್ಳೆಯದು. ಶಾಲೆಯ ದಿನವೇ ಆದರೆ ಬೆಳಿಗ್ಗೆ ಶಿಕ್ಷಕರಿಗೆ ಒಂದು ಮಾತು ತಿಳಿಸಿ. ತಿಳಿದಿದ್ದರೆ ಆ ಮಗುವನ್ನು ಊಟದ ಹೊತ್ತಿನಲ್ಲಿ ನೆರಳಿನಲ್ಲಿ ಕೂಡಿಸಿ ಚಿತ್ರ ಬರೆಸಬಹುದು, ಆಟದ ಅವಧಿಯಲ್ಲಿ ಓಡಿಸದೆ ಇರಬಹುದು, ಯಾರೂ ಕೆಣಕದಂತೆ ನೋಡಿಕೊಳ್ಳಬಹುದು. ತಿಳಿಯದಿದ್ದರೆ ಮಧ್ಯಾಹ್ನ ಮಗು ಮಂಕಾದದ್ದು ಜ್ವರದಿಂದಲೋ ಹಸಿವಿನಿಂದಲೋ ಎಂದು ಹುಡುಕುತ್ತಾ ಹೊತ್ತು ಹೋಗುತ್ತದೆ.

ಮಾರ್ಚ್ ತಿಂಗಳಿನ ನಮ್ಮ ಬಿಸಿಲು ತಮಗೆ ಗೊತ್ತು. ಒಂಟಿಪೂಟ ಶಾಲೆ ಶುರುವಾಗುವುದು ಸಾಮಾನ್ಯವಾಗಿ ತಿಂಗಳ ನಡುವಿನಲ್ಲಿ, ಅದಕ್ಕೆ ಮುಂಚಿನ ಎರಡು ವಾರ ಪೂರ್ತಿ ದಿನದ ಶಾಲೆ. ನೀರಿಲ್ಲದ ಮಗುವಿನ ತುಟಿ ಒಣಗುತ್ತದೆ, ತಲೆನೋವು ಎನ್ನುತ್ತದೆ, ಬೆಳಗಿನಿಂದ ಮೂತ್ರಕ್ಕೆ ಹೋಗಿರುವುದಿಲ್ಲ, ನಿಂತರೆ ತಲೆ ಸುತ್ತುತ್ತದೆ, ಮಾತಿಗೆ ತಡವಾಗಿ ಉತ್ತರಿಸುತ್ತದೆ. ಇವುಗಳಲ್ಲಿ ತಲೆಸುತ್ತು, ವಾಂತಿ, ಮಂಪರು ಕಂಡರೆ ಶಿಕ್ಷಕರು ಮಗುವನ್ನು ನೆರಳಿಗೆ ಒಯ್ದು, ಎಚ್ಚರವಿದ್ದರೆ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಿ, ತಮಗೆ ಹೇಳಿ ಕಳಿಸುತ್ತಾರೆ. ಚೇತರಿಸಿಕೊಳ್ಳದಿದ್ದರೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ವ್ರತ ಕೆಡಿಸಿದರೆಂದು ತಾವು ನೊಂದುಕೊಳ್ಳಬಾರದು. ಕಾಯಿಲೆ ಬಿದ್ದವರು ಬಿಡಬಹುದೆಂಬುದು ಮೇಲೆ ಹೇಳಿದ ಎಲ್ಲ ಮನೆಗಳಲ್ಲೂ ಒಪ್ಪಿದ ಮಾತು. ಇದನ್ನು ಮಗುವಿಗೆ ಮೊದಲೇ ತಾವೇ ಹೇಳಿ ಕಳಿಸಿದರೆ ಇನ್ನೂ ಉತ್ತಮ. ನೀರು ಕುಡಿದರೆ ಅಪ್ಪ ಬೈಯುತ್ತಾರೆಂದು ಹೆದರಿ ತಲೆಸುತ್ತನ್ನು ಮುಚ್ಚಿಡುವ ಮಕ್ಕಳ ವಿಷಯದಲ್ಲಿ ಶಿಕ್ಷಕರು ಮಾಡಬಹುದಾದದ್ದು ಕಡಿಮೆ.

ಪಾಠ ತಲುಪಿತೇ ಎಂದು ತಿಳಿಯಲು ಪರೀಕ್ಷೆ ಬೇಡ. ಮರುದಿನ ಪ್ರತಿ ಮಗುವಿಗೂ ತನ್ನ ಮನೆಯದಲ್ಲದ ಒಂದು ಉಪವಾಸದ ಪಟ್ಟಿಗೆ ಬಣ್ಣ ತುಂಬಲು ಕೊಡಬೇಕು, ಅದರ ಕೆಳಗೆ ಎರಡು ವಾಕ್ಯ ಬರೆಸಬೇಕು. ‘ಅವರು ಸಂಜೆಯವರೆಗೆ ನೀರು ಕುಡಿಯುವುದಿಲ್ಲ, ಆಮೇಲೆ ಖರ್ಜೂರ ತಿನ್ನುತ್ತಾರೆ’ ಎಂದು ಬರೆದರೆ ಪಾಠ ತಲುಪಿದೆ. ‘ಅವರು ಪಾಪ, ಹಸಿದುಕೊಂಡು ಇರುತ್ತಾರೆ’ ಎಂದೋ ‘ನಮ್ಮಷ್ಟು ಇರುವುದಿಲ್ಲ’ ಎಂದೋ ಬರೆದರೆ ಆ ಮಗುವಿನೊಡನೆ ಇನ್ನೊಮ್ಮೆ ಪಟ್ಟಿ ಎಣಿಸಬೇಕು. ಮೊದಲ ವಾಕ್ಯದಲ್ಲಿ ನಿಯಮವಿದೆ, ಉಳಿದೆರಡರಲ್ಲಿ ತೀರ್ಪಿದೆ.

ಆ ಸಂಜೆ ಮಗು ತಮ್ಮ ಬಳಿಗೆ ಬಂದು, ‘ನಾವು ಯಾಕೆ ಒಪ್ಪತ್ತು ಇರ್ತೀವಿ?’ ಎಂದು ಕೇಳುತ್ತದೆ. ನಾವು ಬಿಟ್ಟ ನಾಲ್ಕನೆಯ ಪ್ರಶ್ನೆ ಅದು. ತಮ್ಮ ಅಮ್ಮ ತಮಗೆ ಹೇಳಿದ ಉತ್ತರವನ್ನೇ, ಮನೆಯ ಮಾತಿನಲ್ಲೇ ಹೇಳಿ. ಪಕ್ಕದ ಮನೆಯವರು ಯಾಕೆ ಇರುತ್ತಾರೆ ಎಂದು ಕೇಳಿದರೆ ಮಾತ್ರ ಉತ್ತರವನ್ನು ತಾವು ಹೇಳಬೇಡಿ. ಮಗುವನ್ನು ಕರೆದುಕೊಂಡು ಹೋಗಿ, ಆ ಮನೆಯ ಅಜ್ಜಿಯನ್ನೇ ಕೇಳಿಸಿ.